ಸ್ಲೋಪ್ ಇದೆ, ಆದರೆ ಲಿಮಿಟ್ ಇಲ್ಲ

"ಸೂತ್ರದಲ್ಲಿರೋ cos(1/x) ಸೊನ್ನೆ ಹತ್ರ ನಿಲ್ಲೋದೇ ಇಲ್ಲ. ಮತ್ತೆ ಅಲ್ಲಿ ಡೆರಿವೇಟಿವ್ 0 ಹೇಗಾಗುತ್ತೆ?"

ಸರ್, ವಿರಾಜಪೇಟೆಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಪಿಯು ಮಕ್ಕಳೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನೀವು ಕೇಳಿದ್ದು f(x) = x² sin(1/x) ಬಗ್ಗೆ. ಅದರ ಡೆರಿವೇಟಿವ್‌ಗೆ 2x sin(1/x) − cos(1/x) ಅನ್ನೋ ಸೂತ್ರ x ಸೊನ್ನೆ ಅಲ್ಲದ ಕಡೆ ಮಾತ್ರ ನಡೆಯುತ್ತದೆ. ಸೊನ್ನೆಯಲ್ಲಿ f(0) = 0 ಅಂತ ನಾವೇ ಇಟ್ಟಿದ್ದು, ಹಾಗಾಗಿ ಅಲ್ಲಿ ಡೆರಿವೇಟಿವ್‌ನ ಮೂಲ ವ್ಯಾಖ್ಯೆಯಿಂದಲೇ ಹೊರಡಬೇಕು. f(h) ಅನ್ನು h ನಿಂದ ಭಾಗಿಸಿದರೆ h sin(1/h) ಉಳಿಯುತ್ತದೆ. ಸೈನ್ ಎಷ್ಟೇ ಕುಣಿದರೂ −1 ಮತ್ತು 1 ದಾಟಲ್ಲ, ಅಲ್ವಾ? ಅದಕ್ಕೇ ಇದು h ಜೊತೆಗೇ ಸೊನ್ನೆಗೆ ಹೋಗುತ್ತದೆ. f′(0) = 0.

ಈಗ ಪಕ್ಕದಲ್ಲಿ ನೋಡಿ. x = 1/(200π), ಅಂದರೆ ಸುಮಾರು 0.0016. ಅಲ್ಲಿ ಸೈನ್ 0, ಕೊಸೈನ್ 1, ಸ್ಲೋಪ್ ಸರಿಯಾಗಿ −1. ಸೊನ್ನೆ ಕಡೆಗೆ ಒಂಚೂರು ಸರಿದು x = 1/(201π) ತಗೊಳ್ಳಿ, ಸ್ಲೋಪ್ +1. ಎಷ್ಟು ಹತ್ತಿರ ಹೋದರೂ ಈ ಎರಡೂ ಸಿಗುತ್ತಲೇ ಇರುತ್ತವೆ. ಹಾಗಾಗಿ f′ ಗೆ ಅಲ್ಲಿ ಲಿಮಿಟ್ ಇಲ್ಲ.

ನನಗೆ ತುಂಬಾ ಇಷ್ಟವಾಗೋದು ಇದರ ಕಾರಣ. ಅಲೆಯ ಎತ್ತರ ಸುಮಾರು x², ಅಗಲ ಸುಮಾರು 2πx². ಎರಡೂ ಒಂದೇ ವೇಗದಲ್ಲಿ ಕುಗ್ಗುತ್ತವೆ, ಆದ್ದರಿಂದ ಅಲೆ ಚಿಕ್ಕದಾದರೂ ಅದರ ಏರು ಕಡಿಮೆ ಆಗಲ್ಲ. x² ಬದಲು x³ ಹಾಕಿ ನೋಡಿ. ಆಗ ಕೊಸೈನ್ ಮುಂದೆ ಒಂದು x ಉಳಿದು, f′ ಸೊನ್ನೆಯಲ್ಲೂ ಕಂಟಿನ್ಯೂಯಸ್ ಆಗುತ್ತದೆ.