ಮುಂದಿನ ಪೋಸ್ಟ್ ಗ್ರಾಹಕರ ಮೆಸೇಜಿನಲ್ಲೇ ಇದೆ

"ಈ ವಾರ ಏನು ಪೋಸ್ಟ್ ಹಾಕೋದು?" ಸಣ್ಣ ವ್ಯಾಪಾರ ಮಾಡುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ನಾನು ಕೇಳುವುದು ಬೇರೆ: ನಿಮ್ಮ ವಾಟ್ಸಾಪ್‌ನಲ್ಲಿ ಜನ ಏನು ಕೇಳ್ತಿದ್ದಾರೆ?

ತಿಪಟೂರು ಕಡೆಯ ಒಬ್ಬರು ಮರದ ಗಾಣದಲ್ಲಿ ಕೊಬ್ಬರಿ ಎಣ್ಣೆ ತೆಗೆದು ಬೆಂಗಳೂರಿಗೆಲ್ಲ ಕಳಿಸುತ್ತಾರೆ. ಅವರ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುವುದು ನಾನು. ಮೊದಲು ಅಲ್ಲಿ "ಕೊಬ್ಬರಿ ಎಣ್ಣೆಯ ಹತ್ತು ಉಪಯೋಗಗಳು" ಥರದ, ಒಂದೊಂದೇ ಸ್ಲೈಡ್ ಪಕ್ಕಕ್ಕೆ ಸರಿಸಿ ಓದುವ ಕ್ಯಾರೊಸೆಲ್‌ಗಳೇ ಜಾಸ್ತಿ. ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಮೆಸೇಜಿನಲ್ಲಿ ಬಿದ್ದಿತ್ತು.

ಅದನ್ನು ಹೊರಗೆ ತೆಗೆಯುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ವಾಟ್ಸಾಪ್ ಚಾಟ್ ಒಳಗೆ Export chat ಒತ್ತಿ, ಫೋಟೊ ಬೇಡ ಅಂದರೆ ಬರೀ ಮಾತುಗಳ ಫೈಲ್ ಸಿಗುತ್ತದೆ. ಒಂದೊಂದೇ ಚಾಟ್ ತೆಗೆಯಬೇಕು. ಇನ್‌ಸ್ಟಾಗ್ರಾಂ ಕಾಮೆಂಟ್‌ಗಳನ್ನು ಕೈಯಲ್ಲೇ ಕಾಪಿ ಮಾಡಿದರೂ ಸಾಕು. ಆಮೇಲೆ ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ: ಪ್ರಶ್ನೆ, ತಿಂಗಳು, ಊರು, ಕೇಳಿದ್ದು ಕೊಳ್ಳುವ ಮೊದಲೋ ಆಮೇಲೋ. ಹೆಸರು, ಫೋನ್ ನಂಬರ್ ಅಲ್ಲೇ ತೆಗೆದುಹಾಕಿ.

ಪ್ರಶ್ನೆಯನ್ನು ಮಾತ್ರ ಅವರು ಬರೆದ ಹಾಗೇ ಇಡಿ. "ಸಾರ್ ಎಣ್ಣೆ ಗಟ್ಟಿ ಆಗಿದೆ, ಮೇಣ ಏನಾದ್ರೂ ಹಾಕಿದ್ದೀರಾ?" ಅಂತ ಒಬ್ಬರು ಕೇಳಿದ್ದರು. ಇದನ್ನು "ಗುಣಮಟ್ಟದ ಬಗ್ಗೆ ಪ್ರಶ್ನೆ" ಅಂತ ಚುಟುಕು ಮಾಡಿದರೆ ಆ ಮೇಣವೇ ಕಳೆದುಹೋಗುತ್ತದೆ. ನಮಗೆ ಬೇಕಾದದ್ದೇ ಆ ಮೇಣ.

ಗುಂಪು ಮಾಡುವಾಗಲೂ ಪದ ನೋಡಬೇಡಿ, ಅದರ ಹಿಂದಿನ ಅನುಮಾನ ನೋಡಿ. "ಗಟ್ಟಿ ಆಗಿದೆ", "ಅರ್ಧ ಬೆಳ್ಳಗಿದೆ", "ಬಾಟಲಿಯಿಂದ ಬರ್ತಿಲ್ಲ, ವಾಪಸ್ ತಗೋತೀರಾ", ಇವೆಲ್ಲ ಕಲಬೆರಕೆಯ ಭಯದ ಬೇರೆ ಬೇರೆ ರೂಪ. "ನನ್ನ ಪಾರ್ಸೆಲ್ ಎಲ್ಲಿದೆ" ಅನ್ನೋದೇ ಎಲ್ಲಕ್ಕಿಂತ ಜಾಸ್ತಿ ಇರಬಹುದು, ಆದರೆ ಅದು ಕ್ಯಾರೊಸೆಲ್‌ಗೆ ವಿಷಯವಲ್ಲ. ಪಾರ್ಸೆಲ್ ಹೊರಟಾಗ ಒಂದು ಮೆಸೇಜ್ ಕಳಿಸಿದರೆ ಅದು ಮುಗಿಯಿತು.

ತಿಂಗಳು, ಊರಿನ ಕಾಲಂ ಸುಮ್ನೆ ಅಲ್ಲ. ಗಟ್ಟಿಯಾದ ಎಣ್ಣೆಯ ದೂರು ಬಂದದ್ದೆಲ್ಲ ಡಿಸೆಂಬರ್, ಜನವರಿಯಲ್ಲಿ. ಅದೂ ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯಿಂದ. ಮಂಗಳೂರಿನಿಂದ ಅಷ್ಟಾಗಿ ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಚಳಿಗಾಲದ ರಾತ್ರಿ ಬೆಂಗಳೂರು 15-16ಕ್ಕೆ ಇಳಿಯುತ್ತದೆ. ಅಂದಮೇಲೆ ಈ ಪೋಸ್ಟ್ ನವೆಂಬರ್ ಕೊನೆಯಲ್ಲೇ ಹೋಗಬೇಕು, ಅಲ್ವಾ? ಏಪ್ರಿಲ್‌ನಲ್ಲಿ ಹಾಕಿದರೆ ಯಾರಿಗೂ ಬೇಡ.

ಇನ್ನು ಸ್ಲೈಡ್‌ಗಳು. ಬಹಳ ಜನ ಇಲ್ಲಿ ಪ್ರಶ್ನೆ ಇಟ್ಟು, ಉತ್ತರ ಕೊಟ್ಟು ನಿಲ್ಲಿಸುತ್ತಾರೆ. ನಾನು ಚಾಟ್‌ನಲ್ಲಿ ನಾವು ಉತ್ತರ ಕೊಟ್ಟ ಮೇಲೆ ಅವರು ಏನು ಕೇಳಿದರು ಅಂತ ಹುಡುಕುತ್ತೇನೆ. ಆ ಎರಡನೇ, ಮೂರನೇ ಪ್ರಶ್ನೆಗಳೇ ಮುಂದಿನ ಸ್ಲೈಡ್‌ಗಳು, ಅದೇ ಸಾಲಿನಲ್ಲಿ.

ಮೊದಲ ಸ್ಲೈಡ್: "ಎಣ್ಣೆ ಗಟ್ಟಿ ಆಗಿದೆ, ಮೇಣ ಹಾಕಿದ್ದೀರಾ?" ಎರಡನೆಯದು: ಇಲ್ಲ, ಚಳಿಗೆ ಹಾಗಾಗುತ್ತದೆ, 24 ಡಿಗ್ರಿಯ ಲೆಕ್ಕ. "ಮತ್ತೆ ಅರ್ಧ ಮಾತ್ರ ಯಾಕೆ ಗಟ್ಟಿ?" ಅಂತ ಕೇಳಿದ್ದರು, ಅದು ಮೂರನೆಯದು. ಎಣ್ಣೆಯಲ್ಲಿರುವ ಕೊಬ್ಬುಗಳೆಲ್ಲ ಒಂದೇ ಚಳಿಗೆ ಗಟ್ಟಿಯಾಗುವುದಿಲ್ಲ, ಕೆಲವು ಮೊದಲು, ಕೆಲವು ಆಮೇಲೆ. "ಒಲೆ ಮೇಲೆ ಇಡಬಹುದಾ?" ಬೇಡ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. "ಮತ್ತೆ ಗಟ್ಟಿಯಾದರೆ?" ಮತ್ತೆ ಕರಗಿಸಿ, ಎಣ್ಣೆ ಕೆಡುವುದಿಲ್ಲ.

ಗಾಣದವರು ಕೊನೆಗೆ "ಗಟ್ಟಿಯಾದರೆ ಅಸಲಿ ಅಂತ ಅರ್ಥ" ಎಂದು ಹಾಕೋಣ ಅಂದರು. ನಾನು ಬಿಡಲಿಲ್ಲ. ಫ್ರಿಜ್‌ನಲ್ಲಿಟ್ಟರೆ ಬೆರೆಸಿದ ಪ್ಯಾರಾಫಿನ್ ಎಣ್ಣೆ ಬೇರೆಯಾಗಿ ನಿಲ್ಲಬಹುದು, ನಿಜ. ಆದರೆ ರಿಫೈನ್ಡ್ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತದೆ, ತಾಳೆ ಬೀಜದ ಎಣ್ಣೆಯೂ ಗಟ್ಟಿಯಾಗುತ್ತದೆ. ಜನ ನಂಬಿ ಕೇಳಿದ ಪ್ರಶ್ನೆಗೆ ಅರ್ಧ ಸತ್ಯ ಹೇಳಬಾರದು. "ಗಟ್ಟಿಯಾಯಿತು ಅಂದಮಾತ್ರಕ್ಕೆ ಶುದ್ಧ ಅಂತಲೂ ಅಲ್ಲ" ಅಂತಲೇ ಬರೆದೆವು.

ಈ ದಾರಿಗೂ ಒಂದು ಮಿತಿ ಇದೆ. ಮೆಸೇಜ್ ಮಾಡುವವರು ಆಗಲೇ ನಿಮ್ಮ ಬಾಗಿಲಿಗೆ ಬಂದವರು. ನೋಡಿ ಸುಮ್ಮನೆ ಹೋದವರ ಅನುಮಾನ ಇಲ್ಲಿ ಸಿಗುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಕೇಳಿ, ಕೊಳ್ಳದೆ ಹೋದವರ ಪ್ರಶ್ನೆಗಳು ಕಡಿಮೆ ಇದ್ದರೂ ನಾನು ಅವನ್ನು ಬೇರೆಯಾಗಿ ಓದುತ್ತೇನೆ.

ಕೆಲಸ ಮಾಡಿತಾ ಅಂತ ಲೈಕ್ ನೋಡಿ ಹೇಳಲಾಗದು. ಎಷ್ಟು ಜನ ಸೇವ್ ಮಾಡಿದರು, ಇನ್ನೊಬ್ಬರಿಗೆ ಕಳಿಸಿದರು ಅಂತ ನೋಡಿ. ಅದಕ್ಕಿಂತ ಮುಖ್ಯ, ಮೆಸೇಜಿಗೆ ಉತ್ತರಿಸುವ ಹುಡುಗಿ ಉದ್ದಕ್ಕೆ ಟೈಪ್ ಮಾಡುವ ಬದಲು ಆ ಪೋಸ್ಟ್ ಕಳಿಸುತ್ತಿದ್ದಾಳಾ, ಕಳಿಸಿದ ಮೇಲೆ ಗ್ರಾಹಕರು ಮತ್ತೆ ಏನಾದರೂ ಕೇಳುತ್ತಿದ್ದಾರಾ ನೋಡಿ. ಕೇಳಿದರೆ ಎಲ್ಲೋ ಒಂದು ಸ್ಲೈಡ್ ಬಿಟ್ಟಿದ್ದೀರಿ.

ನಮ್ಮ ಪೋಸ್ಟ್ ಕೆಳಗೆ ಒಬ್ಬರು ಬರೆದರು: "ಹಾಗಾದ್ರೆ ಅಸಲಿ ಅಂತ ಗೊತ್ತಾಗೋದು ಹೇಗೆ ಮೇಡಂ?" ಈಗ ಲ್ಯಾಬ್ ವರದಿ ಓದುವುದು ಹೇಗೆ, ಅದರ ಬ್ಯಾಚ್ ನಂಬರ್ ಬಾಟಲಿಯ ನಂಬರಿಗೆ ಹೊಂದುತ್ತದಾ ಅಂತ ನೋಡುವುದು ಹೇಗೆ ಅನ್ನುವ ಕ್ಯಾರೊಸೆಲ್ ತಯಾರಾಗುತ್ತಿದೆ.