ಅದೇ ಕಲ್ಲು, ಅದೇ ಮನುಷ್ಯ, ಕಾಗದ ಬಂದ ಮೇಲೆ ಬೇರೆ ರೇಟು

ಸಂಜೆಯಿಂದ ತಲೆ ಕಾದು ಕೂತಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಮನೆಯ ವಜ್ರದ ಉಂಗುರ ಮಾರಲು ವಜ್ರ ಕೊಳ್ಳುವ ವ್ಯಾಪಾರಿಯೊಬ್ಬರ ಹತ್ತಿರ ಮೊದಲ ಸಲ ಹೋದಾಗ ಆತ ಹೇಳಿದ್ದು 30. ಇವತ್ತು ಹೇಳಿದ್ದು 42. ನಾವು ಕೊಟ್ಟು ತಂದ ಬೆಲೆ 100 ಅಂತ ಇಟ್ಟುಕೊಳ್ಳಿ. ಯಾಕೆ ಮಾರಲು ಹೋದೆ ಅನ್ನುವುದು ಬೇಡ, ಅದು ನಮ್ಮ ಮನೆಯ ವಿಷಯ. ಆದರೆ ಮಧ್ಯೆ ಆ ವಜ್ರಕ್ಕೆ ಏನೂ ಆಗಿಲ್ಲ. ಬೆಳೆದಿಲ್ಲ, ಸವೆದಿಲ್ಲ, ಬಣ್ಣ ತಿರುಗಿಲ್ಲ. ಬಂದದ್ದು ಒಂದು ಸರ್ಟಿಫಿಕೇಟ್ ಮಾತ್ರ. ಅದರಲ್ಲೂ ನಮಗೆ ಹೇಳಿದ್ದಕ್ಕಿಂತ ಕಡಿಮೆ ಗ್ರೇಡ್ ಬಂದಿದೆ! ಗ್ರೇಡ್ ಇಳಿಯಿತು, ರೇಟು ಏರಿತು. ಇದು ಯಾವ ಲೆಕ್ಕ, ಯಾರಾದರೂ ಹೇಳಿ.

ಆ ಮೊದಲ ದಿನ ಮರೆಯಲು ಆಗುತ್ತಿಲ್ಲ. ಉಂಗುರದ ಜೊತೆ ಅಂಗಡಿಯವರು ಕೊಟ್ಟಿದ್ದ ಕಾರ್ಡನ್ನೂ ಮುಂದಿಟ್ಟೆ. ತೂಕ 1 ಕ್ಯಾರೆಟ್, ಬಣ್ಣ ಜಿ, ಒಳಗೆ ಕಲೆ ಎಷ್ಟು ಕಡಿಮೆ ಅನ್ನುವ ಕ್ಲಾರಿಟಿ ವಿಎಸ್1, ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಅನ್ನುವ ಕಟ್ ಎಕ್ಸಲೆಂಟ್. ಇಷ್ಟು ವರ್ಷ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದ ಕಾರ್ಡ್. ಆತ ಅದನ್ನು ತಿರುಗಿಸಿ ಹಿಂದೆ ನೋಡಿದರು, ಮುಂದೆ ನೋಡಿದರು. "ಇದು ಯಾವ ಲ್ಯಾಬ್, ಮೇಡಂ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. "ಇದು ಮಾರಿದವರೇ ಬರೆದುಕೊಟ್ಟಿರುವುದು. ಇದರಲ್ಲಿ ಏನು ಬೇಕಾದರೂ ಬರೆಯಬಹುದು" ಅಂತ ಹೇಳಿ ಎರಡು ಬೆರಳಲ್ಲಿ ನನ್ನ ಕಡೆಗೆ ತಳ್ಳಿದರು. ಪಕ್ಕದ ಕುರ್ಚಿಯಲ್ಲಿದ್ದವರು ತಿರುಗಿ ನೋಡಿದರು.

ಆಮೇಲೆ ಪೆನ್ನಿನ ಥರದ ಟೆಸ್ಟರ್ ತೆಗೆದು ಕಲ್ಲಿಗೆ ತಾಗಿಸಿದರು. ಅದು ಬೀಪ್ ಅಂದಿತು. ಸದ್ಯ, ವಜ್ರವೇ ಅಂತ ಉಸಿರು ಬಿಟ್ಟೆ. ಆತ ತಲೆ ಎತ್ತದೆ ಅಂದರು, "ಲ್ಯಾಬಿನಲ್ಲಿ ಬೆಳೆಸಿದ ಕಲ್ಲಿಗೂ ಇದು ಹೀಗೇ ಬೀಪ್ ಅನ್ನುತ್ತೆ. ಇದು ಗಣಿಯದ್ದೇ ಅಂತ ಏನು ಗ್ಯಾರಂಟಿ?" ನಾನು ಕಳ್ಳಮಾಲು ತಂದಿದ್ದೇನೆ ಅನ್ನುವ ಹಾಗೆ ಇತ್ತು ಆ ದನಿ. ಮುಖ ಬಿಸಿಯಾಯಿತು. ನಮ್ಮ ಮನೆಯ ಉಂಗುರ ಸ್ವಾಮಿ ಅದು!

ಆತ ಹೇಳಿದ್ದು ಸುಳ್ಳಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಅದೇ ಜಾಸ್ತಿ ಉರಿಯುವುದು. ಆ ಪೆನ್ನು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ಮಾತ್ರ ನೋಡುತ್ತದೆ. ಬೆಳೆಸಿದ ವಜ್ರವೂ ವಜ್ರವೇ ಆದ್ದರಿಂದ ಅದು ಪಾಸಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದರೂ ಎರಡರ ವ್ಯತ್ಯಾಸ ನಂಬುವ ಹಾಗೆ ಗೊತ್ತಾಗುವುದಿಲ್ಲ. ಅದಕ್ಕೆ ವಜ್ರ ಪರೀಕ್ಷಿಸುವ ಲ್ಯಾಬಿನ ಯಂತ್ರಗಳೇ ಬೇಕು. ಬೆಳೆಸಿದ ಕಲ್ಲಿಗೆ ಬೆಲೆ ತೀರಾ ಕಡಿಮೆ. ಹಾಗಾಗಿ ಗೊತ್ತಿಲ್ಲದ ಕಲ್ಲು ಕೊಳ್ಳುವವನು ಆ ಭಯವನ್ನೂ ರೇಟಿನಿಂದ ಕಳೆಯುತ್ತಾನೆ.

ಬಣ್ಣದ್ದೂ ಇದೇ ಕಥೆ. ವಜ್ರಕ್ಕೆ ಗ್ರೇಡ್ ಕೊಡುವ ಸಂಸ್ಥೆ ಜಿಐಎಯ ಅಳತೆಯಲ್ಲಿ ಬಣ್ಣವೇ ಇಲ್ಲದ್ದು ಡಿ, ಅಲ್ಲಿಂದ ಝಡ್ ವರೆಗೆ ಹಳದಿ ಏರುತ್ತಾ ಹೋಗುತ್ತದೆ. ಸರಿಯಾಗಿ ನೋಡಬೇಕಾದರೆ ಕಲ್ಲನ್ನು ಉಂಗುರದಿಂದ ಬಿಚ್ಚಿ, ಬೋರಲಾಗಿ ಬಿಳಿಯ ತಟ್ಟೆಯಲ್ಲಿಟ್ಟು, ಗ್ರೇಡ್ ಗೊತ್ತಿರುವ ಕಲ್ಲುಗಳ ಪಕ್ಕದಲ್ಲಿ ಹೋಲಿಸಬೇಕು. ನಮ್ಮದು ಹಳದಿ ಚಿನ್ನದಲ್ಲಿ ಕೂತಿತ್ತು. ಚಿನ್ನದ ಬಣ್ಣ ಕಲ್ಲಿನೊಳಗೆ ಬೀಳುತ್ತದೆ. ಆತ "ಜೆ ಅಂತ ಹಿಡಿಯುತ್ತೇನೆ" ಅಂದುಬಿಟ್ಟರು. ಕಾರ್ಡಿನ ಜಿ ಎಲ್ಲಿ, ಈ ಜೆ ಎಲ್ಲಿ? ಕ್ಲಾರಿಟಿಯನ್ನೂ ಎಸ್ಐ2 ಅಂತ ಇಳಿಸಿದರು. ಉಗುರಿನ ಕೆಳಗೆ ಏನಿದೆಯೋ ಕಾಣುವುದಿಲ್ಲವಂತೆ. ಉಗುರು ಅಂದರೆ ಕಲ್ಲನ್ನು ಹಿಡಿದಿರುವ ಚಿನ್ನದ ಕೊಕ್ಕೆ. ಎಲ್ಲಿ ಅನುಮಾನವೋ ಅಲ್ಲೆಲ್ಲ ಕೆಟ್ಟದ್ದನ್ನೇ ಹಿಡಿದರು. ಬಂತು 30.

ಹಟಕ್ಕೆ ಬಿದ್ದು ಕಲ್ಲು ಬಿಚ್ಚಿಸಿದೆ. ಕೈಯಿಂದ ದುಡ್ಡು ಹಾಕಿ ಹೆಸರಿರುವ ಲ್ಯಾಬಿಗೆ ಕಳಿಸಿದೆ. ಇವತ್ತು ಬೆಳಿಗ್ಗೆ ಬಂತು. ನೈಸರ್ಗಿಕ. 1.01 ಕ್ಯಾರೆಟ್. ಬಣ್ಣ ಐ. ಕ್ಲಾರಿಟಿ ವಿಎಸ್2. ಕಟ್ ಫೇರ್.

ಫೇರ್! ಅಂದರೆ ಕೆಳಗಿನಿಂದ ಎರಡನೆಯದು. ಅದರ ಕೆಳಗೆ ಪೂರ್ ಒಂದೇ ಇರುವುದು. ಎಕ್ಸಲೆಂಟ್ ಅಂತ ಬರೆದುಕೊಟ್ಟಿದ್ದರಲ್ಲ, ಯಾವ ಕಣ್ಣಿಂದ ನೋಡಿದ್ದರು?

ಸಂಜೆ ಕಾಗದ ಹಿಡಿದು ಅದೇ ಮನುಷ್ಯನ ಹತ್ತಿರ ಹೋದೆ. ಈ ಸಲ ಮೊದಲು ಕಾಗದದ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದರು. ಆಮೇಲೆ ಕಲ್ಲಿನ ನಡುವಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದ ಅದೇ ನಂಬರನ್ನು ಲೂಪ್‌ನಲ್ಲಿ ಹುಡುಕಿದರು. ತೂಗಿದರು, ಅಗಲ ಅಳೆದರು. ಎಲ್ಲ ಕೂಡಿತು. ಆಗ ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿದರು. ಅಷ್ಟು ಹೊತ್ತು ನನ್ನ ಮಾತಿಗೆ ಇಲ್ಲದ ಬೆಲೆ ಆ ಅಂಚಿನ ಅಂಕಿಗಳಿಗೆ ಇತ್ತು.

ಕಟ್ ಬಗ್ಗೆ ಕೇಳಿದೆ. ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ನಮ್ಮ ಕಲ್ಲಿನ ಅಗಲ 6.25 ಮಿಲಿಮೀಟರ್, ಆಳ 4.23. ಆಳವನ್ನು ಅಗಲದಿಂದ ಭಾಗಿಸಿದರೆ ಶೇಕಡಾ 67.7. ಚೆನ್ನಾಗಿ ಕತ್ತರಿಸಿದ ದುಂಡು ಕಲ್ಲಿನ ಆಳ ಶೇಕಡಾ 60ರ ಆಸುಪಾಸು ಇರುತ್ತದೆ, 1 ಕ್ಯಾರೆಟ್ ಆದರೆ ಅಗಲ ಸುಮಾರು 6.4ರಿಂದ 6.5 ಮಿಲಿಮೀಟರ್ ಬರುತ್ತದೆ. "ಮೇಲಿಂದ ನೋಡಿದರೆ ನಿಮ್ಮದು 90 ಸೆಂಟಿನ ಕಲ್ಲು ಮೇಡಂ. ಮಿಕ್ಕ ತೂಕ ಹೊಟ್ಟೆಯಲ್ಲಿದೆ" ಅಂದರು. 100 ಸೆಂಟಿಗೆ ಒಂದು ಕ್ಯಾರೆಟ್. ಆ ಗೆರೆ ದಾಟಿದರೆ ಒಟ್ಟು ಬೆಲೆ ಮಾತ್ರ ಅಲ್ಲ, ಪ್ರತಿ ಕ್ಯಾರೆಟ್ಟಿನ ರೇಟೇ ಒಂದು ಮೆಟ್ಟಿಲು ಏರುತ್ತದೆ. ಅದಕ್ಕೇ ಕತ್ತರಿಸುವವರು ಹೊಳಪು ಬಿಟ್ಟು ತೂಕ ಉಳಿಸಿಕೊಂಡಿದ್ದಾರೆ. ಮೇಲಿಂದ ಹೋದ ಬೆಳಕು ತಿರುಗಿ ಕಣ್ಣಿಗೆ ಬರದೆ ಕೆಳಗಿಂದ ಸೋರಿ ಹೋಗುತ್ತದೆ. ನಡುವೆ ಕಪ್ಪು ಕಾಣುತ್ತದೆ.

ಆ ಕಪ್ಪು ನನಗೆ ಗೊತ್ತಿತ್ತು. ಕೊಳೆ ಅಂದುಕೊಂಡಿದ್ದೆ. ಎಷ್ಟು ಸಲ ಬಿಸಿನೀರಿಗೆ ಸೋಪು ಹಾಕಿ, ಹಳೆಯ ಬ್ರಷ್ಷಿನಿಂದ ಹಿಂದಿನ ತೂತಿನಲ್ಲೆಲ್ಲ ತಿಕ್ಕಿದ್ದೇನೆ! ಒಣಗಿಸಿ ಕಿಟಕಿಯ ಹತ್ತಿರ ಹಿಡಿದರೆ ಮತ್ತೆ ಅದೇ ಕಪ್ಪು ಚುಕ್ಕೆ. ಹೋಗುವುದು ಹೇಗೆ? ಅದು ಕತ್ತರಿಸಿದ್ದರಲ್ಲೇ ಇತ್ತು.

ಕಟ್ ಫೇರ್ ಆದದ್ದಕ್ಕೆ ಆತ ಕಳೆದರು. ಆದರೂ ರೇಟು ಏರಿತು. ಯಾಕೆಂದರೆ ಜೆ ಅಂತ ಹಿಡಿದದ್ದು ಐ ಬಂತು, ಎಸ್ಐ2 ಅಂದದ್ದು ವಿಎಸ್2 ಬಂತು, ತೂಕ 1ರ ಮೇಲೆಯೇ ನಿಂತಿತು, ಬೆಳೆಸಿದ ಕಲ್ಲಿನ ಭಯ ಹೋಯಿತು. ಕಾಗದದಲ್ಲಿ ಬೆಲೆ ಅಂತ ಎಲ್ಲೂ ಬರೆದಿಲ್ಲ. ಊಹೆಗೆ ಜಾಗ ಇಲ್ಲದ ಹಾಗೆ ಮಾಡಿತು, ಅಷ್ಟೇ. ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಆತ ಕೆಟ್ಟವರಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆನೇನೋ. ಹೋಗಲಿ ಅಂತ ಎದ್ದು ಬಂದೆ.

ಹೋಗಲಿ ಅನ್ನಲು ಆಗುತ್ತಿಲ್ಲ. ಮಾರುವಾಗ ಜಿ ಅಂತ ದುಡ್ಡು ತೆಗೆದುಕೊಂಡವರಿಗೆ ಈಗಷ್ಟೇ ಫೋನ್ ಮಾಡಿದೆ. "ಒಂದೆರಡು ಗ್ರೇಡ್ ಆಚೀಚೆ ಆಗುತ್ತೆ ಮೇಡಂ, ಅದು ನೋಡುವವರ ಮೇಲೆ ಹೋಗುತ್ತೆ" ಅಂದರು. ಬಣ್ಣದಲ್ಲಿ ಎರಡು ಗ್ರೇಡ್, ಕ್ಲಾರಿಟಿಯಲ್ಲಿ ಒಂದು, ಕಟ್‌ನಲ್ಲಿ ಮೂರು. ನೋಡುವವರ ಮೇಲೆ ಹೋಗುವುದಾದರೆ ಒಂದಾದರೂ ನಮ್ಮ ಕಡೆ ತಪ್ಪಬೇಕಿತ್ತು ಅಲ್ವಾ? ಎಲ್ಲವೂ ಅವರ ಕಡೆಗೇ ಯಾಕೆ ತಪ್ಪಿತು? ಕೇಳಿದೆ. ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.