ಸೌಟಿನ ಎಂಜಲು

ಅವರೆಕಾಯಿ ಕಾಲಕ್ಕೆ ಬೆಂಗಳೂರಿಂದ ನಮ್ಮ ಭಾವ ಚಿಂತಾಮಣಿಗೆ ಬಂದೇ ಬರುತ್ತಾರೆ. ಬರಲಿ, ಬೇಡ ಅನ್ನೋರು ಯಾರು? ಅಡುಗೆಮನೆಗೂ ಬರುತ್ತಾರಲ್ಲ, ಅದೇ ಕಷ್ಟ. ಮೊನ್ನೆ ಹಿತುಕಿದ ಬೇಳೆ ಸಾರು ಕೊತಕೊತ ಕುದೀತಿತ್ತು. ಭಾವ ಸೌಟೆತ್ತಿ, ಊದಿ, ನೇರ ಬಾಯಿಗಿಟ್ಟು ಸುರ್ರಂತ ಹೀರಿದರು. ಅದೇ ಸೌಟನ್ನು ಮತ್ತೆ ಪಾತ್ರೆಗೆ ಬಿಟ್ಟು ಒಂದು ಸುತ್ತು ತಿರುವಿದರು.

"ಭಾವ, ಎಂಜಲಾಯ್ತಲ್ಲ!"

"ಕುದೀತೈತಲ್ಲಮ್ಮ, ಎಲ್ಲಾ ಸತ್ತೋಗ್ತವೆ ಬಿಡು."

ನನಗೆ ಸಿಟ್ಟು ಬಂದಿದ್ದು ಅವರು ಹೇಳಿದ್ದು ನಿಜ ಅನ್ನೋದಕ್ಕೇ. ಇನ್ನೂ ಹತ್ತು ನಿಮಿಷ ಕುದಿಯೋ ಸಾರಲ್ಲಿ ಬಾಯಿಂದ ಹೋದ ಸೂಕ್ಷ್ಮಜೀವಿಗಳು ಬದುಕೋದು ಕಷ್ಟ. ಆದರೆ ಅದೇ ಸೌಟು ಆಮೇಲೆ ಎಲ್ಲಿಗೆ ಹೋಯಿತು ಅಂತ ಯಾರಾದರೂ ಕೇಳಬೇಕಲ್ಲ? ಪಕ್ಕದಲ್ಲೇ ಬೆಳಗ್ಗೆಗೆ ಅಂತ ಆರಿಸಿಟ್ಟಿದ್ದ ರಾಗಿ ಗಂಜಿಗೆ. ಅಲ್ಲೂ ಮೂರು ಸಲ ರುಚಿ ನೋಡಿದರು. ಬೆಳಗ್ಗೆ ಅಂಬಲಿಗೆ ಮಜ್ಜಿಗೆ ಬೆರೆಸೋಣ ಅಂತ ಮುಚ್ಚಳ ತೆಗೆದರೆ ಗಟ್ಟಿ ಗಂಜಿ ನೀರಾಗಿತ್ತು. ಹುಳಿ ವಾಸನೆಯೂ ಇರಲಿಲ್ಲ. ಎಂಜಲಲ್ಲಿ ಅಮೈಲೇಸ್ ಅಂತ ಒಂದಿರುತ್ತೆ, ಹಿಟ್ಟಿನ ಅಂಶವನ್ನು ಕತ್ತರಿಸಿ ಗಂಜಿಯನ್ನು ತೆಳ್ಳಗೆ ಮಾಡೋದೇ ಅದರ ಕೆಲಸ. ಕುದಿಯೋ ಪಾತ್ರೆಯಲ್ಲಿ ಅದೂ ಕೆಟ್ಟುಹೋಗುತ್ತೆ. ಆರಿದ ಗಂಜಿಯಲ್ಲಾದರೆ ರಾತ್ರಿಯೆಲ್ಲಾ ದುಡಿಯುತ್ತೆ. ಮೊಸರು, ಕೋಸಂಬರಿ, ಚಟ್ನಿ ಇವೆಲ್ಲಾ ಗಂಜಿಯ ಹಾಗೆ ಮತ್ತೆ ಒಲೆ ಕಾಣೋದಿಲ್ಲ, ಎಂಜಲು ಬಿದ್ದರೆ ಬಿದ್ದಂಗೇ.

ನಮ್ಮಜ್ಜಿ ಸಾರಿನ ಸೌಟನ್ನು ಬಾಯಿಗೆ ತಾಗಿಸಿದ್ದನ್ನು ನಾನು ನೋಡಿಲ್ಲ. ಎಡಗೈ ಅಂಗೈ ಗುಳಿ ಮಾಡಿ, ಸೌಟು ಕೈಗೆ ತಾಗದ ಹಾಗೆ ಮೇಲಿಂದ ನಾಲ್ಕು ಹನಿ ಬಿಟ್ಟುಕೊಂಡು, ಸ್ವಲ್ಪ ಆರಿಸಿ ನೆಕ್ಕೋಳು. ಬಾಯಿ ಸುಡೋ ಸಾರಲ್ಲಿ ಖಾರ ಮುಂದೆ ನಿಲ್ಲುತ್ತೆ, ಉಪ್ಪು ಅದರ ಹಿಂದೆ ಅಡಗುತ್ತೆ, ಅದಕ್ಕೇ ಆರಿಸೋದು. ನೆಕ್ಕಿದ ಮೇಲೆ ಕೈ ತೊಳೆದುಕೊಂಡೇ ಮುಂದಿನ ಕೆಲಸ. ಇಷ್ಟಾದರೂ ಅಜ್ಜಿ ಬರೀ ಸಾರನ್ನು ನಂಬುತ್ತಿರಲಿಲ್ಲ. ನಮ್ಮ ಕಡೆ ಹಿಟ್ಟಿಗೆ, ಅಂದರೆ ರಾಗಿ ಮುದ್ದೆಗೆ, ಉಪ್ಪು ಹಾಕೋದಿಲ್ಲವಲ್ಲ? ಬಾಯಿಗೆ ಬರೀ ಸಾರು ಒಂದು ಕಲ್ಲು ಉಪ್ಪು ಜಾಸ್ತಿ ಅನ್ನಿಸಿದರೇನೇ ಹಿಟ್ಟಿನ ಜೊತೆ ಸರಿ ಅನ್ನೋಳು.

ಹಬ್ಬದ ದಿನ ಮಾತ್ರ ಅದೂ ಇಲ್ಲ. ದೇವರಿಗೆ ಎಡೆ ಇಡೋವರೆಗೆ ಹನಿಯೂ ಬಾಯಿಗೆ ಹೋಗಬಾರದು. ಎಲ್ಲಾ ಕೈಯಳತೆ. ಉಪ್ಪನ್ನು ಹಿಡಿಯಲ್ಲಿ ತೆಗೆದು, ಬೆರಳಸಂದಿಯಿಂದ ಎಷ್ಟು ಉದುರಬೇಕೋ ಅಷ್ಟು ಉದುರಿಸಿ, ಉಳಿದದ್ದನ್ನು ಹಾಕೋಳು. ಒಂದು ಸಂಕ್ರಾಂತಿಗೆ ಅಂಗಡಿಯಲ್ಲಿ ಕಲ್ಲುಪ್ಪು ಮುಗಿದಿತ್ತು, ಮಾವ ಪುಡಿಯುಪ್ಪು ತಂದಿಟ್ಟರು. ಅಜ್ಜಿಗೆ ಹೇಳಲಿಲ್ಲ, ಉಪ್ಪು ಉಪ್ಪೇ ಅಲ್ವಾ ಅಂತ. ಅಜ್ಜಿ ಕತ್ತಲ ಅಡುಗೆಮನೆಯಲ್ಲಿ ಎಂದಿನ ಹಾಗೇ ಹಿಡಿ ತುಂಬಿ ಖಾರದ ಪೊಂಗಲ್‌ಗೆ ಹಾಕಿದಳು. ಕಲ್ಲುಪ್ಪಿನ ಹರಳುಗಳ ನಡುವೆ ಸಂದಿ ಇರುತ್ತೆ, ಪುಡಿಯುಪ್ಪು ಒತ್ತಾಗಿ ಕೂರುತ್ತೆ. ಹಿಡಿ ಅದೇ, ತೂಕ ಬೇರೆ. ದೇವರು ಏನೂ ಅನ್ನಲಿಲ್ಲ. ತಾತ ಮೊದಲ ತುತ್ತು ನುಂಗಿ, ನೀರು ಕುಡಿದು, ಎರಡನೇ ತುತ್ತಿಗೆ ಕೈ ಹಾಕದೆ ಎಳ್ಳುಬೆಲ್ಲದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಮಾವ ಮಾತಾಡದೆ ಅನ್ನ ಕೇಳಿದರು. ನಾವು ಮಕ್ಕಳು ಮಾತ್ರ ಹೇಳಿಬಿಟ್ಟೆವು. ಅಜ್ಜಿ ಉಪ್ಪಿನ ಡಬ್ಬ ತರಿಸಿ, ಬೆರಳಲ್ಲಿ ಉಜ್ಜಿ ನೋಡಿ, ಮಾವನ ಕಡೆ ತಿರುಗಿದಳು. ಆಮೇಲಿನದ್ದು ಬರೆಯೋ ಹಾಗಿಲ್ಲ. ಆ ವರ್ಷದ ಪೊಂಗಲ್ ಅಷ್ಟೂ ಕಲಗಚ್ಚಿಗೆ. ಎಮ್ಮೆಯೂ ಅರ್ಧ ಬಿಟ್ಟಿತು.

ನನ್ನ ಅಂಗೈ ಅಜ್ಜಿಯದ್ದರ ಹಾಗೆ ಗಟ್ಟಿ ಇಲ್ಲ, ಒಂದು ಸಲ ಒಗ್ಗರಣೆ ಎಣ್ಣೆ ತೇಲಿದ ಸಾರು ಬಿಟ್ಟುಕೊಂಡು ಬೊಬ್ಬೆ ಬಂತು. ಅದಕ್ಕೇ ಒಲೆ ಪಕ್ಕ ಪುಟ್ಟ ಸ್ಟೀಲ್ ಬಟ್ಟಲು, ಒಂದು ಟೀ ಚಮಚ ಇಟ್ಟಿದ್ದೀನಿ. ಸೌಟಿಂದ ಬಟ್ಟಲಿಗೆ, ಬಟ್ಟಲಿಂದ ಚಮಚಕ್ಕೆ, ಚಮಚದಿಂದ ಬಾಯಿಗೆ. ಎರಡು ಸಲಕ್ಕಿಂತ ಜಾಸ್ತಿ ನೋಡೋದಿಲ್ಲ. ಮೇಲಿಂದ ಮೇಲೆ ನೋಡಿದರೆ ನಾಲಿಗೆ ಉಪ್ಪಿಗೆ ಒಗ್ಗಿಹೋಗಿ ಇನ್ನಷ್ಟು ಬೇಕು ಅನ್ನುತ್ತೆ. ಅಷ್ಟರಲ್ಲಿ ಸಾರೂ ಇಂಗಿರುತ್ತೆ.

ಭಾವನಿಗೂ ಇದನ್ನೆಲ್ಲಾ ವಿವರವಾಗಿ ಹೇಳಿದೆ. ಕೇಳಿದರು, ತಲೆಯೂ ಆಡಿಸಿದರು. ಮಾರನೇ ದಿನ ಬಸ್ಸಾರು. ಸೌಟನ್ನು ಎತ್ತರಕ್ಕೆ ಹಿಡಿದು ಬಟ್ಟಲಿಗೆ ಬಿಟ್ಟುಕೊಂಡರು. ನನಗೆ ಖುಷಿಯಾಯಿತು. ಬಟ್ಟಲನ್ನು ಬಾಯಿಗಿಟ್ಟು ಅರ್ಧ ಕುಡಿದರು, ಉಪ್ಪು ಸರಿಯಾಗೈತೆ ಅಂದರು. ಉಳಿದರ್ಧವನ್ನು ವಾಪಸ್ ಪಾತ್ರೆಗೆ ಸುರಿದರು.

"ಚೆಲ್ಲೋದ್ಯಾಕಮ್ಮ ಸುಮ್ನೆ?"